ನಡುಗಂಬ ಎತ್ತಿದ ದಿನ

"ಏಳಪ್ಪಾ ಮೇಷ್ಟ್ರೆ, ಕುರ್ಚಿ ಬಿಡು" ಎಂದವಳೇ ಅವಳು ಮೈದುನನ ಕೆಳಗಿನಿಂದ ಕುರ್ಚಿ ಎಳೆದುಬಿಟ್ಟಳು.

ಮೇಷ್ಟರು ಅರ್ಧ ಎದ್ದು ಅರ್ಧ ಕೂತು ಗಾಳಿಯಲ್ಲೇ ನಿಂತರು. ಅಣ್ಣನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಅತ್ತಿಗೆ, ತಲೆ ಕೆಟ್ಟಿದೆಯಾ? ಜನ ನೋಡ್ತಿದಾರೆ!"

"ನೋಡ್ಲಿ. ನೋಡಿ ಮುಗಿದ್ಮೇಲೆ ಅವರೂ ಏಳಲಿ. ಇಷ್ಟೂ ಕುರ್ಚಿ ಬೇಕು, ಮೇಲಿರೋ ಶಾಮಿಯಾನಾನೂ ಬೇಕು. ಸಂಜೆ ಆರಕ್ಕೆ ಮದುವೆ."

ಮದುವೆ ಹೆಣ್ಣಿನ ತಂದೆ ಬೆಳಿಗ್ಗೆಯಿಂದ ಮೂರು ಸಲ ಬಂದು ಕೈಮುಗಿದು ಹೋಗಿದ್ದ. ಪಾಪ, ಸತ್ತವರ ಮನೆಯಲ್ಲಿ ಶಾಮಿಯಾನ ಕೇಳುವುದು ಹೇಗೆ? ಬಾಯಿ ತೆರೆಯುವುದು, ಮುಚ್ಚುವುದು. ನೀರಿನಿಂದ ತೆಗೆದ ಮೀನಿಗಾದರೂ ಇಷ್ಟು ಕಷ್ಟವಿರಲಾರದು. ಮೂರನೇ ಸಲಕ್ಕೆ ಅವಳೇ, "ಹೋಗಪ್ಪಾ, ಮಗಳನ್ನ ರೆಡಿ ಮಾಡು. ಆರಕ್ಕೆ ನೆರಳು ಇರತ್ತೆ" ಎಂದುಬಿಟ್ಟಿದ್ದಳು. ಅಂದಮೇಲೆ ಅವಳೇ ತಲೆಯೆತ್ತಿ ಮೇಲಿನ ಬಟ್ಟೆ ನೋಡಿದ್ದಳು.

ಏಕೆಂದರೆ ಶಾಮಿಯಾನ ಬಾಡಿಗೆಗೆ ಕೊಡುವ ಅವರ ಅಂಗಡಿಯಲ್ಲಿ ಇಷ್ಟು ದೊಡ್ಡದು ಇದೊಂದೇ. ಇನ್ನೊಂದು ಗಜ ಉದ್ದವಿದ್ದಿದ್ದರೆ ಪಕ್ಕದೂರಿನವರೂ ಛತ್ರಿ ಮಾರಿಕೊಳ್ಳುತ್ತಿದ್ದರು. ಈ ಮದುವೆಗೆಂದೇ ಹೊಲಿಗೆ ಪರೀಕ್ಷಿಸಲು ಅವಳ ಗಂಡ ನಿನ್ನೆ ಅದನ್ನು ಮನೆಯ ಮುಂದೆ ಎತ್ತಿಸಿ, ಕೆಳಗೆ ಕುರ್ಚಿ ಹಾಕಿ ಕೂತು, "ಪರವಾಗಿಲ್ಲ ಕಣೇ" ಅಂದಿದ್ದ. ಕೂತವನು ಏಳಲಿಲ್ಲ. ತನ್ನ ಸಾವಿಗೆ ತಾನೇ ನೆರಳು ಕಟ್ಟಿಕೊಂಡ ಪುಣ್ಯಾತ್ಮ.

"ಅಣ್ಣನ ಜೊತೆಗೇ ಅಂಗಡಿನೂ ಹೋಯ್ತು ಅಂದ್ಕೊಳ್ಳಿ ಅತ್ತಿಗೆ" ಎಂದರು ಮೇಷ್ಟರು. "ಕಂಬ, ಬಟ್ಟೆ ಎಲ್ಲ ಮಾರಿ ನೆಮ್ಮದಿಯಾಗಿರಿ."

"ನೆಮ್ಮದಿ ನಿನಗಿರಲಿ. ಏನೋ ಗೂಟ, ನೀನ್ ಹೇಳು."

ಗೂಟ ಎಂದರೆ ಅಂಗಡಿಯ ಹಿರೇ ಆಳು. ಗಿಡ್ಡ, ದಪ್ಪ, ನೆಟ್ಟಲ್ಲಿಂದ ಅಲುಗದವನು. ಅವನು ಟವೆಲಿನಲ್ಲಿ ಮೂಗು ಒರೆಸಿಕೊಂಡ. "ಬಿಚ್ಚೋದೇನಮ್ಮಾ, ಬಿಚ್ತೀವಿ. ಅಲ್ಲಿ ನಡುಗಂಬ ಎತ್ತೋರ್ ಯಾರು? ಮೂವತ್ತು ವರ್ಷದಿಂದ ಯಜಮಾನ್ರೇ ಮಧ್ಯ ನಿಂತು ಕೂಗ್ತಿದ್ರು, ನಾವು ಎಳೀತಿದ್ವಿ. ಇವತ್ತು ರಜಾ ಅಂತ ಕೂಲಿಯವರೂ ಬಂದಿಲ್ಲ. ಇರೋದು ಎಂಟು ಜನ."

"ಇಲ್ಲಿ ಅಳೋಕೆ ಬಂದಿರೋರು ನೂರೈವತ್ತು ಜನ" ಎಂದಳು ಅವಳು. "ಕೈ ಇಲ್ವಾ ಇವರಿಗೆ?"

*

ಮಾವನ ಕಾಲದಲ್ಲಿ ಶಾಮಿಯಾನವೆಂದರೆ ಕಂಬಗಳ ಮೇಲೆ ಚಪ್ಪಟೆಯಾಗಿ ಹಾಸಿದ ಬಟ್ಟೆ. ಅತ್ತೆ ಹೊಲಿಯುತ್ತಿದ್ದಳು, ಮಾವ ಎತ್ತುತ್ತಿದ್ದ. ಯಾವ ಕಂಬ ಎಲ್ಲಿಗೆ, ಗೂಟ ಎಷ್ಟು ದೂರಕ್ಕೆ, ಎಲ್ಲ ಅವನ ಕಣ್ಣಳತೆ. ಕೇಳಿದರೆ, "ನೋಡಿ ಕಲಿ" ಎನ್ನುತ್ತಿದ್ದ. ನೋಡಿದವರು ಯಾರೂ ಕಲಿಯಲಿಲ್ಲ.

ಅವಳು ಸೊಸೆಯಾಗಿ ಬಂದ ವರ್ಷವೇ ಒಂದು ಔತಣದಲ್ಲಿ ಅಕಾಲ ಮಳೆ ಸುರಿಯಿತು. ಚಪ್ಪಟೆ ಬಟ್ಟೆಯ ಮೇಲೆ ನೀರು ನಿಂತು, ತುಂಬು ಬಸುರಿಯ ಹೊಟ್ಟೆಯಂತೆ ಜೋತುಬಿತ್ತು. ಮಾವ ಕೋಲಿನಿಂದ ತಿವಿದ. ಬಟ್ಟೆ ಪರ್ರೆಂದಿತು. ಕೆಳಗಿದ್ದ ಇನ್ನೂರು ಜನ ಊಟಕ್ಕೆ ಕೂತವರು ಸ್ನಾನ ಮುಗಿಸಿ ಎದ್ದರು. ಆ ಅವಮಾನಕ್ಕೆ ಮಾವ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ಅವನ ತಲೆಯಲ್ಲಿದ್ದದ್ದೆಲ್ಲ ಅವನ ಜೊತೆಯೇ ಹೋಯಿತು.

ಮಗ, ಅಂದರೆ ಅವಳ ಗಂಡ, ಅರವತ್ತು ಕಂಬಗಳನ್ನು ಅಂಗಳದಲ್ಲಿ ಮಲಗಿಸಿಕೊಂಡು ಮೂರು ತಿಂಗಳು ಕೂತ. ಆಮೇಲೆ ನಡುಗಂಬವನ್ನು ಬದಿಗಂಬದ ಎರಡರಷ್ಟು ಎತ್ತರ ಮಾಡಿದ, ನೀರು ನಿಲ್ಲದೆ ಜಾರಲಿ ಎಂದು. ಭಾರವೆಲ್ಲ ಬಟ್ಟೆಯ ಮೇಲೆ ಬೀಳದಿರಲಿ ಎಂದು ಹೊಲಿಗೆಗಳುದ್ದಕ್ಕೂ ದಪ್ಪ ಪಟ್ಟಿ ಹಾಕಿಸಿದ. ಅತ್ತೆ, ಸೊಸೆ ಇಬ್ಬರ ಬೆರಳೂ ಜರಡಿಯಾದವು. ಕೊನೆಗೆ ಬಣ್ಣದ ಡಬ್ಬಿ ತಂದ. ಮೂಲೆಗಂಬಕ್ಕೆ ಕೆಂಪು, ಉದ್ದದ ಬದಿಗೆ ಹಳದಿ, ಅಡ್ಡ ಬದಿಗೆ ಹಸಿರು. ಬಟ್ಟೆಯಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣಿಗೂ ಅದೇ ಬಣ್ಣ, ಹಗ್ಗಕ್ಕೂ ಅದೇ. ಒಂದೊಂದು ಹಗ್ಗದಲ್ಲೂ ಒಂದು ಗಂಟು: ಕಂಬದಿಂದ ಅಲ್ಲಿಗೆ ಎಳೆದರೆ ಗೂಟ ಹೊಡೆಯುವ ಜಾಗ.

"ಎಳೇ ಮಕ್ಕಳ ಆಟ" ಎಂದು ಊರವರು ನಕ್ಕರು.

"ಮಕ್ಕಳಿಗೂ ಬರಲಿ ಅಂತಾನೇ" ಎಂದಿದ್ದ ಅವನು.

*

ಮದುವೆಯ ಬಯಲಿಗೆ ಲಾರಿ ಬಂದಾಗ ನಾಲ್ಕು ಗಂಟೆ. ಹಿಂದೆಯೇ ದುಃಖಕ್ಕೆಂದು ಬಂದಿದ್ದವರ ದಂಡು. ದರ್ಜಿ, ಔಷಧಿ ಅಂಗಡಿಯವನು, ಬೀಗರು, ಅವರ ಬೀಗರು. ಮೇಷ್ಟರೂ ಬಂದರು, ತಪ್ಪು ಹುಡುಕಲಾದರೂ ಬರಬೇಕಲ್ಲ.

ಬಟ್ಟೆ ಹಾಸಿದರು. ಮೂರು ತುಂಡುಗಳ ಕಣ್ಣಿಗೆ ಕಣ್ಣು ಕೂಡಿಸಿ ಹೆಣೆದರು. ಹಗ್ಗದ ಗಂಟು ನೋಡಿ, ಗೂಟದ ತಲೆ ಹೊರಕ್ಕೆ ವಾಲಿಸಿ ಹೊಡೆದರು. ಜೀವಮಾನದಲ್ಲಿ ಸೂಜಿಗಿಂತ ಭಾರದ್ದನ್ನು ಎತ್ತದ ದರ್ಜಿ ಸುತ್ತಿಗೆ ಹಿಡಿದು, "ಇದು ಹಳದಿ! ನಂದು ಹಳದಿ!" ಎಂದು ಲಾಟರಿ ಹೊಡೆದವನಂತೆ ಕೂಗಿದ. ಅರ್ಧ ಗಂಟೆಯಲ್ಲಿ ಬದಿಗಂಬಗಳೆಲ್ಲ ನಿಂತವು. ನಡುವೆ ಬಟ್ಟೆ ನೆಲಕ್ಕೆ ಜೋತಾಡುತ್ತಿತ್ತು.

ಹಿರೇ ಆಳು ಗೂಟ ನಡುಗಂಬದ ತುದಿಯ ಮೊಳೆಯನ್ನು ಬಟ್ಟೆಯ ಮಾಡಿನ ನಡುವೆ ಹೊಲಿದಿದ್ದ ಕಬ್ಬಿಣದ ಬಳೆಗೆ ಸಿಕ್ಕಿಸಿದ. ಐದು ಜನ ಕಂಬದ ಬುಡ ಹಿಡಿದರು. ಮಧ್ಯ ನಿಂತು ಕೂಗುವವರಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಟ್ಟೆಯಡಿ ನುಗ್ಗಿದಳು.

"ನಿಮಗೆ ಗೊತ್ತೇನಮ್ಮಾ?" ಎಂದ ಗೂಟ.

"ಮೂವತ್ತು ವರ್ಷ ನಿದ್ದೆಲೂ ಇದನ್ನೇ ಕೂಗಿದಾನೆ ಕಣೋ. ರಾತ್ರಿಯೆಲ್ಲ ನನ್ನ ಕಂಬಳಿ ಎಳೆದು 'ಕೆಂಪು ಬಿಗಿ' ಅಂತಿದ್ದ." ಅವಳು ಉಸಿರು ತುಂಬಿಕೊಂಡಳು. "ಎಲ್ಲಾ ಬಣ್ಣ ಒಂದು ಮೊಳ ಸಡಿಲ! ಕಂಬ ಒಳಕ್ಕೆ ತಳ್ಳೀ!"

ಬುಡ ಮಣ್ಣು ಕೆರೆಯುತ್ತ ಸರಿಯಿತು. ಮಾಡು ಒಂದಾಳು ಎತ್ತರ ಎದ್ದಿತು, ಎರಡಾಳು ಎದ್ದಿತು, ಇದ್ದಕ್ಕಿದ್ದಂತೆ ಎಡಕ್ಕೆ ವಾಲಿತು.

"ಯಾರೋ ಅದು ಒಂದೇ ಕಡೆ ಎಳೀತಿರೋನು?"

ಮೇಷ್ಟರು. ಎರಡೂ ಕೈಯಲ್ಲಿ ಹಳದಿ ಹಗ್ಗ ಹಿಡಿದು, ಹಿಮ್ಮಡಿ ಊರಿ, ಮುಖ ಬೀಟ್‌ರೂಟ್ ಮಾಡಿಕೊಂಡು ಎಳೆಯುತ್ತಿದ್ದರು. "ಬೀಳತ್ತೇಂತ ಅತ್ತಿಗೆ!"

"ನೀನ್ ಎಳೆಯೋದ್ರಿಂದ್ಲೇ ಬೀಳ್ತಿರೋದು! ಎದುರಿಗಿರೋ ಹಳದಿ ಯಾರು? ದರ್ಜಿ, ಮೇಷ್ಟ್ರ ಮುಖ ನೋಡು! ಅವನು ಎಷ್ಟು ಎಳೀತಾನೋ ಅಷ್ಟೇ ನೀನೂ! ಜೋಡಿ ಜೋಡಿ! ಹಸಿರು! ಈಗ ಕೆಂಪು, ಬಿಗಿ!"

ಕಂಬ ತೂಗಾಡಿತು. ತಡವರಿಸಿತು. ನೆಟ್ಟಗಾಯಿತು.

"ಗಂಟು ಹಾಕ್ರೀ!" ಅವಳ ಕೂಗಿಗೆ ಮೂರು ಬೀದಿಯಾಚೆ ನಾಯಿ ಬೊಗಳಿತು.

ಗಂಟು ಹಾಕಿದವರು ನೋಡಲೆಂದು ಬಟ್ಟೆಯಡಿ ಬಂದು ನಿಂತರು. ಆಗಲೇ ಗಾಳಿ ಬೀಸಿದ್ದು. ಬಯಲಿನ ಧೂಳನ್ನೆಲ್ಲ ಹೊತ್ತು ಬಂದು ಬಟ್ಟೆಯಡಿ ನುಗ್ಗಿತು. ಮಾಡು ದಬಾರೆಂದು ಉಬ್ಬಿತು, ಪಟ್ಟಿಗಳು ಕಿರುಗುಟ್ಟಿದವು, ಹಗ್ಗಗಳು ಝೇಂಕರಿಸಿದವು. ಯಾರೋ "ಹೋಯ್ತು!" ಎಂದರು. ಒಳಗಿದ್ದವರೆಲ್ಲ, ದರ್ಜಿ, ಬೀಗರು, ಹೆಣ್ಣಿನ ತಂದೆ, ಮೇಷ್ಟರು, ಒಟ್ಟಿಗೇ ಕೈ ಮೇಲೆತ್ತಿದರು, ಬಿದ್ದರೆ ಹಿಡಿಯೋಣವೆಂದು.

ಗಾಳಿ ಆಚೆ ಬದಿಯಿಂದ ಹೊರಟುಹೋಯಿತು. ನೂರಾರು ಕೈಗಳು ಇನ್ನೂ ಮೇಲೆಯೇ ಇದ್ದವು. ಶಾಮಿಯಾನ ಅವುಗಳಿಗೆಲ್ಲ ಒಂದಾಳೆತ್ತರ ಮೇಲೆ, ಯಾರ ಬೆರಳನ್ನೂ ಮುಟ್ಟದೆ ನಿಂತಿತ್ತು.