ತಾನೇ ಬೀಳುವ ಹೆಸರು

ಜಮಖಂಡಿಯ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬಾಕಿದಾರರ ಪಟ್ಟಿ ಬಿದ್ದಾಗ ಗಂಗಾರಾಮನ ಹೆಸರೂ ಅದರಲ್ಲಿತ್ತು. ಮಗಳು ಸಂಘಮಿತ್ರಾಳನ್ನು ಮದುವೆಗೆ ಕೇಳಿದ್ದ ಮುಧೋಳದ ವರನ ಸೋದರಮಾವ ಮೇಲಿನ ಮಹಡಿಯವನು; ಅವನೂ ಆ ಗುಂಪಿನಲ್ಲಿದ್ದ.

ಗಂಗಾರಾಮ ಖಜಾಂಚಿ ಧೀರೇಂದ್ರನ ಬಾಗಿಲು ಬಡಿದ.

"ತಿಂಗಳಾ ತಿಂಗಳಾ ಹೊತ್ತಿಗಿ ಸರಿಯಾಗಿ ಕೊಟ್ಟೇನಲ್ರಿ!"

"ಖರೆ ಅದರಿ. ಆದ್ರ ನಿಮ್ಮ ಮನಿಯವ್ರು ಅನ್ನವ್ವನವರು ದವಾಖಾನಿಯೊಳಗ ಇದ್ದಾಗ ತಡಾ ಆಗಿತ್ತಲ್ಲ, ಆ ನೂರು ರೂಪಾಯಿ ದಂಡ ಉಳದದ. ನೀವು ಕೊಟ್ಟಿದ್ರಾಗ ಕಂಪ್ಯೂಟರ್ ಮೊದಲ ಅದನ್ನ ಮುರಕೋತದ. ಮೆಂಟೆನೆನ್ಸ್ ಕಮ್ಮಿ ಬೀಳತದ, ಮತ್ತ ದಂಡ ಹತ್ತತದ. ಬಾಕಿ ಐದುನೂರು ಮುಟ್ಟಿದ್ರ ಹೆಸರು ತಾನ ಬೀಳತದರಿ."

"ಒಂದ್ ಮಾತು ಹೇಳಬಾರದಾಗಿತ್ತೇನ್ರಿ?"

"ನಾ ಎಲ್ಲಿ ನೋಡತೀನ್ರಿ, ಎಲ್ಲಾ ಕಂಪ್ಯೂಟರ್ ಮಾಡತದ."

ಗಂಗಾರಾಮ ನಿಂತಲ್ಲೇ ಬಾಕಿ ಕಟ್ಟಿದ. ಮನೆಗೆ ಬಂದಾಗ ಅನ್ನವ್ವ ಫೋನ್ ಹಿಡಿದು ಕೂತಿದ್ದಳು.

"ಮುಧೋಳದವ್ರು ಮಾಡಿದ್ರು. ಸದ್ಯ ಬ್ಯಾಡಂತ. ನನ್ನ ದವಾಖಾನಿ ನಮ್ಮ ಮಗಳಿಗಿ ಮುಳುವಾತು ನೋಡ್ರಿ."

ಮುಂದಿನ ತಿಂಗಳ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಗಂಗಾರಾಮ ಅದನ್ನು ಎರಡು ಸಲ ಓದಿ, ಹೆಂಡತಿಗೂ ತೋರಿಸಿದ.

"ಈಗ ಯಾರು ನೋಡತಾರ್ರಿ ಅದನ್ನ?" ಎಂದು ಅವಳು ಮುಖ ತಿರುಗಿಸಿದಳು.