ಹನ್ನೊಂದು ಖಾಲಿ ಕಟ್ಟುಗಳು

ಸುಡಬೇಕಾದ ಓಲೆಕಟ್ಟುಗಳ ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದು ನಾನು ಹೇಳಿದಾಗ ಗ್ರಂಥಾಲಯದ ನಿರ್ದೇಶಕರು ಮೊದಲು ನಕ್ಕರು. ಆಮೇಲೆ ನಗು ನುಂಗಿಕೊಂಡು, "ನೀವು ಸಹಿ ಹಾಕದಿದ್ರೂ ಶನಿವಾರ ಬೆಂಕಿ ಬೀಳುತ್ತೆ ಮೇಡಂ," ಎಂದರು.

"ಹಾಗಾದ್ರೆ ನನ್ನನ್ನೂ ಸೇರಿಸ್ಬಿಡಿ. ಹನ್ನೆರಡನೇದು ಅಂತ ಬರ್ಕೊಳ್ಳಿ."

ಇಪ್ಪತ್ತಾರು ವರ್ಷದಿಂದ ಈ ಗ್ರಂಥಾಲಯದಲ್ಲಿ ತಾಳೆಗರಿಗಳನ್ನು ಶುಚಿಮಾಡುವವಳು ನಾನು. ಬಾಯಿ ಜೋರು ಅಂತ ಹೆಸರಾಗಿದೆ. ಕೈ ಮೃದು ಅಂತ ಯಾರೂ ಹೇಳುವುದಿಲ್ಲ. ಆ ಹನ್ನೊಂದು ಕಟ್ಟುಗಳು ಯಾರದೋ ಹಳೇ ಪೆಟ್ಟಿಗೆಯಿಂದ ಬಂದಾಗ ಹುಳ ಗಿಜಿಗುಡುತ್ತಿತ್ತು. ಉಳಿದವಕ್ಕೆ ಹರಡದಂತೆ ಬೇರೆ ಕೋಣೆಯಲ್ಲಿಟ್ಟೆ. ಗಾಳಿಯಾಡದ ಚೀಲದಲ್ಲಿ, ಆಮ್ಲಜನಕ ಹೀರುವ ಪೊಟ್ಟಣಗಳ ಜೊತೆ ಮುಚ್ಚಿ, ಇಪ್ಪತ್ತೊಂದು ದಿನ ಹುಳದ ಉಸಿರು ಕಟ್ಟಿಸಿದೆ. ಔಷಧಿ ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಅದು ಗರಿಗೂ ಒಳ್ಳೆಯದಲ್ಲ, ನನ್ನ ಎದೆಗೂ ಒಳ್ಳೆಯದಲ್ಲ. ಹುಳ ಸತ್ತ ಮೇಲೆ ಒಂದೊಂದೇ ಗರಿಯನ್ನು ಮೆತ್ತನೆಯ ಬ್ರಷ್‌ನಿಂದ ಉದ್ದಕ್ಕೆ ಗುಡಿಸಿದೆ. ನೀರು ಸೋಕಿಸಲಿಲ್ಲ.

ಅಲ್ಲಿಂದ ಅವು ಫೋಟೋ ಕೋಣೆಗೆ ಹೋದವು. ಕ್ಯಾಮೆರಾದ ಹಿಂದೆ ಇರುವವಳು ನನ್ನ ನಾದಿನಿ. ಅವಳು ಪಟ್ಟಿಯಲ್ಲಿ ಹನ್ನೊಂದೂ ಕಟ್ಟುಗಳ ಮುಂದೆ 'ಖಾಲಿ ಗರಿ' ಎಂದು ಬರೆದು, ಸಹಿ ಹಾಕಿ, ಕಟ್ಟುಗಳನ್ನು ನನ್ನ ಕೋಣೆಗೇ ವಾಪಸ್ ಕಳಿಸಿದಳು. ಹುಳ ತಿಂದ ಖಾಲಿ ಗರಿಗೆ ಹೊಸ ಕಪಾಟಿನಲ್ಲಿ ಜಾಗವೇಕೆ, ಸುಟ್ಟುಹಾಕಿ ಎಂದರು ನಿರ್ದೇಶಕರು. ಶನಿವಾರ ಕಪಾಟಿನ ಉದ್ಘಾಟನೆ.

ಗರಿ ಖಾಲಿಯಿರಲಿಲ್ಲ. ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದಿದ್ದರು, ಮಸಿ ತುಂಬಿರಲಿಲ್ಲ, ಅಷ್ಟೇ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಉಜ್ಜಿ ಒರೆಸಿದರೆ ಆ ಕಪ್ಪು ಕೊರೆದ ಗೀರಿನಲ್ಲಿ ಮಾತ್ರ ನಿಲ್ಲುತ್ತದೆ. ಅದಿಲ್ಲದಿದ್ದರೆ ಕಣ್ಣಿಗೆ ಬರೀ ಒಣಗಿದ ಎಲೆ. ಫೋಟೋ ತೆಗೆಯುವವರಿಗೆ ಗೊತ್ತಾಗಲೆಂದು ಅಂಥ ಕಟ್ಟಿಗೆ 'ದೀಪ ಇಳಿಸು' ಎಂದು ಚೀಟಿ ಕಟ್ಟಿ ಕಳಿಸುವುದು ನನ್ನ ಕೆಲಸ. ಈ ಸಲ ಕಟ್ಟಲಿಲ್ಲ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಸರದಿ ಯಾರದು ಎಂದು ಜಗಳವಾಡಿ ನಾದಿನಿಯೊಂದಿಗೆ ಮಾತುಬಿಟ್ಟು ಎರಡು ತಿಂಗಳಾಗಿತ್ತು. ಕಣ್ಣಿದೆಯಲ್ಲ, ತಾನೇ ನೋಡಿಕೊಳ್ಳಲಿ ಎಂದುಕೊಂಡಿದ್ದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗಿತ್ತು.

ಒಂದು ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋ ಕೋಣೆಗೆ ನಡೆದೆ. ನಿರ್ದೇಶಕರು ಗೊಣಗುತ್ತ ಹಿಂದೆ ಬಂದರು.

"ಎಡಗಡೆ ದೀಪ ಆರ್ಸು," ಎಂದೆ ನಾದಿನಿಗೆ.

"ನನ್ ಕೆಲ್ಸ ನನಗೆ ಹೇಳ್ಕೊಡಬೇಡಿ ಅತ್ತಿಗೆ." ಎರಡು ತಿಂಗಳ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ನಾನೇ ಆರಿಸಿದೆ. ಬಲಗಡೆಯ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಗರಿಯ ಮೇಲೆ ಓರೆಯಾಗಿ ಹರಿಯುವಂತೆ ತಿರುಗಿಸಿದೆ. ಪ್ರತಿ ಗೀರಿನಲ್ಲೂ ಸಣ್ಣ ನೆರಳು ಬಿತ್ತು. ಪರದೆಯ ತುಂಬ ಸಾಲು ಸಾಲು ಅಕ್ಷರ ಎದ್ದು ನಿಂತಿತು. ನಾದಿನಿಯ ಕೈ ಬಾಯಿಗೆ ಹೋಯಿತು.

ಕೊನೆಯ ಗರಿಯನ್ನಿಟ್ಟು ತಡವರಿಸುತ್ತ ಓದಿದೆ: "ಕಣ್ಣು ಮಂದವಾಯಿತು. ಮಸಿ ತುಂಬಲಾಗಲಿಲ್ಲ. ಮುಂದೆ ಬಂದವರು ತುಂಬಿ ಓದುವುದು."

ಅಷ್ಟು ವರ್ಷ ಕಾದವನ ಕಟ್ಟನ್ನು ನಾವು ಬೆಂಕಿಗೆ ಹಾಕಲು ಹೊರಟಿದ್ದೆವು.

ನಿರ್ದೇಶಕರು ಗಡಿಯಾರ ನೋಡಿಕೊಂಡರು. "ಆಯ್ತು, ಇದೊಂದು ಇರ್ಲಿ. ಉಳಿದ ಹತ್ತಕ್ಕೆ ಟೈಮಿಲ್ಲ. ಖಾಲಿ ಅಂತ ಇವರ ಸಹಿ ಇದೆ, ನನಗಷ್ಟು ಸಾಕು."

"ಆ ಸಹಿಗೆ ಕಾರಣ ನಾನು," ಎಂದೆ. "ಚೀಟಿ ಕಟ್ಟಿ ಕಳಿಸಬೇಕಿತ್ತು, ಬೇಕಂತಲೇ ಕಟ್ಟಲಿಲ್ಲ. ಶಿಕ್ಷೆ ಏನಿದ್ರೂ ನನಗೆ ಕೊಡಿ. ಆದ್ರೆ ಹತ್ತನ್ನೂ ಹೀಗೆ ನೋಡೋವರೆಗೆ ಕಟ್ಟುಗಳಿರೋ ಕೋಣೆ ಬೀಗದ ಕೈ ನನ್ ಸೊಂಟದಲ್ಲೇ ಇರುತ್ತೆ. ಕಿತ್ಕೊಳ್ಳೋ ಧೈರ್ಯ ಇದ್ರೆ ಬನ್ನಿ."

"ಕೆಲಸ ಹೋಗುತ್ತೆ!"

"ಹೋಗ್ಲಿ. ಕೀಲಿ ಹೋಗಲ್ಲ."

ನಾದಿನಿ ನಿರ್ದೇಶಕರ ಕೈಯಿಂದ ಪಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡಳು. ಅವಳದು ಇನ್ನೂ ಕಾಯಂ ಆಗದ ಕೆಲಸ. ತಪ್ಪೊಪ್ಪಿಕೊಂಡರೆ ಮೊದಲು ಹೋಗುವುದು ಅದೇ. ಅವಳು ಹನ್ನೊಂದು ಸಾಲನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಕೆಳಗೆ ದೊಡ್ಡದಾಗಿ ಬರೆದಳು: 'ಗರಿ ಖಾಲಿಯಲ್ಲ. ನಾನು ಬೆಳಕು ಸರಿಯಾಗಿ ಇಟ್ಟಿರಲಿಲ್ಲ.' ಸಹಿ ಹಾಕಿ, ತಾರೀಕು ಬರೆದು, ವಾಪಸ್ ಕೊಟ್ಟಳು.

"ಈಗ ಯಾರ ಸಹಿ ಇಟ್ಕೊಂಡು ಸುಡ್ತೀರ ಸರ್?"

ನಿರ್ದೇಶಕರು ಪಟ್ಟಿ ನೋಡಿದರು, ನಮ್ಮಿಬ್ಬರನ್ನೂ ನೋಡಿದರು. "ಇಬ್ಬರನ್ನೂ ವಿಚಾರಿಸ್ಕೊತೀನಿ," ಎಂದು ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದರು.

ನಾದಿನಿ ದೀಪವನ್ನು ಇನ್ನೊಂದು ಬೆರಳಿನಷ್ಟು ಇಳಿಸಿದಳು. ನೆರಳು ಇನ್ನೂ ಚೂಪಾಯಿತು.

"ಅತ್ತಿಗೆ, ನಾಳೆ ಅಮ್ಮನ್ನ ಆಸ್ಪತ್ರೆಗೆ ನಾನು ಕರ್ಕೊಂಡ್ ಹೋಗ್ತೀನಿ," ಎಂದಳು, ಪರದೆಯಿಂದ ಕಣ್ಣು ಕೀಳದೆ. "ಈಗ ಎರಡನೇ ಕಟ್ಟು ತನ್ನಿ."