ದಾರ ಕಟ್ಟಿದ ಹಾಳೆ

ಕಗ್ಗದಾಸಪುರದ ಆ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ದೇವರ ಪಟಕ್ಕಿಂತ ದೊಡ್ಡದಾಗಿ ಗೋಡೆಗೆ ಅಂಟಿದ್ದದ್ದು ಒಂದು ರಟ್ಟಿನ ಹಾಳೆ. ಅದರಲ್ಲಿ ಹದಿನೈದು ಚೌಕಗಳು. ಹದಿನೈದನೆಯ ಚೌಕದಲ್ಲಿ ಕಾವೇರಿಯ ಸಿ.ಎ. ಇಂಟರ್ಮೀಡಿಯೆಟ್ ಪರೀಕ್ಷೆಯ ಮೊದಲ ದಿನ. ಅದಕ್ಕೂ ಹಿಂದಿನ ಹದಿನಾಲ್ಕು ದಿನಗಳಲ್ಲಿ ಯಾವ ಹೊತ್ತಿಗೆ ಯಾವ ಪುಸ್ತಕ ತೆರೆಯಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಅನ್ನುವುದೆಲ್ಲ ಅಂಬ್ರೀನ್ ಬರೆದಿದ್ದಳು.

ಅಂಬ್ರೀನ್ ಶಿವಾಜಿನಗರದವಳು, ಕಾವೇರಿಯ ಕಾಲೇಜಿನ ಗೆಳತಿ. ಇಂಟರ್ ಮುಗಿಸಿ ಇಂದಿರಾನಗರದ ಒಬ್ಬ ಆಡಿಟರ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿಗೆ ಸೇರಿ ಒಂದು ವರ್ಷವಾಗಿತ್ತು. ಕಾವೇರಿ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು. ಲಾ, ಆಡಿಟ್, ಫೈನಾನ್ಸ್ ಮೂರರಲ್ಲೂ ಮೊದಲ ಸಲವೇ ಅರವತ್ತು ದಾಟಿ, ಮುಂದಿನ ಮೂರು ಸಲ ಆ ಪೇಪರುಗಳನ್ನು ಬರೆಯುವುದೇ ಬೇಡ ಅನ್ನುವ ವಿನಾಯಿತಿ ಗಿಟ್ಟಿಸಿದ್ದಳು. ಅಕೌಂಟ್ಸ್, ಟ್ಯಾಕ್ಸ್, ಕಾಸ್ಟಿಂಗ್ ಮಾತ್ರ ಕೈಕೊಟ್ಟಿದ್ದವು. ವಿನಾಯಿತಿಯ ಮೂರು ಸಲದಲ್ಲಿ ಎರಡು ಆಗಲೇ ಹೋಗಿತ್ತು, ಇದು ಮೂರನೆಯದು, ಕೊನೆಯದು.

"ಈ ಸಲ ಒಂದೊಂದರಲ್ಲೂ ನಲವತ್ತಾದ್ರೂ ಬರ್ಬೇಕು ಅಂಕಲ್," ಎಂದು ಅಂಬ್ರೀನ್ ಮೊದಲ ದಿನವೇ ಕಾವೇರಿಯ ಅಪ್ಪ ಅಮೃತಪ್ಪನಿಗೆ ಬಿಡಿಸಿ ಹೇಳಿದ್ದಳು. "ಲಾ ಮಾರ್ಕ್ಸು ಅರವತ್ತಮೂರಿದೆ, ಅದೂ ಲೆಕ್ಕಕ್ಕೆ ಸೇರುತ್ತೆ. ಮೂರೂ ಸೇರಿ ನೂರೈವತ್ತಾಗ್ಬೇಕು, ಅಂದ್ರೆ ಅಕೌಂಟ್ಸು, ಟ್ಯಾಕ್ಸು ಎರಡೂ ಸೇರಿ ಎಂಬತ್ತೇಳಾದ್ರೆ ಮೊದಲ್ನೇ ಗ್ರೂಪ್ ಪಾಸು. ಇದು ತಪ್ಪಿದ್ರೆ ಆ ಮೂರು ಪೇಪರೂ ಮತ್ತೆ ಬರೀಬೇಕು, ಇಲ್ಲಾಂದ್ರೆ ಉಳಿದ ಒಂದೊಂದರಲ್ಲೂ ಐವತ್ತು ತೆಗೀಬೇಕು."

ಕಾವೇರಿಗೆ ವಿಷಯ ಬರುವುದಿಲ್ಲ ಎಂದಲ್ಲ. ಅವಳಿಗೆ ಬಿಡಲು ಬರುವುದಿಲ್ಲ. ಬ್ಯಾಲೆನ್ಸ್ ಶೀಟಿನ ಎರಡು ಬದಿ ತಾಳೆಯಾಗದಿದ್ದರೆ ಮುಗಿಯಿತು, ಆ ವ್ಯತ್ಯಾಸವನ್ನು ಹುಡುಕುತ್ತಾ ಮುಕ್ಕಾಲು ಗಂಟೆ ಕೂರುತ್ತಾಳೆ. ಹದಿನಾಲ್ಕು ಅಂಕದ ಮತ್ತೊಂದು ಪ್ರಶ್ನೆ ಬಿಳಿ ಹಾಳೆಯಾಗಿಯೇ ಉಳಿದುಬಿಡುತ್ತದೆ. ಹೋದ ಸಲ ಅಕೌಂಟ್ಸ್‌ನಲ್ಲಿ ಮೂವತ್ತೇಳು.

ಈ ಚಾಳಿ ಎಲ್ಲಿಂದ ಬಂತೆಂದು ಅಮೃತಪ್ಪನನ್ನು ಕೇಳಿದ್ದರೆ ಹೇಳುತ್ತಿದ್ದ, ಆದರೆ ಯಾರೂ ಕೇಳಲಿಲ್ಲ. ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವನು ಅವನು. ಮಗಳಿಗೆ ಎಂಟು ವರ್ಷವಿದ್ದಾಗ ರಾಮಮೂರ್ತಿ ನಗರದ ಒಂದು ಸೈಟಿನಲ್ಲಿ, ತೂಗುಗುಂಡು ಬಿಟ್ಟು ನೋಡಿದಾಗ ಒಂದು ಬೆರಳಿನಷ್ಟು ವಾಲಿದ್ದ ಗೋಡೆಯನ್ನು ಅವಳ ಕಣ್ಣೆದುರೇ ಕೆಡವಿದ್ದ. ಅರ್ಧ ದಿನದ ಕೆಲಸ. ಮೇಸ್ತ್ರಿ ಬೈದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕೂತು ಅದನ್ನು ನೋಡಿದ ಹುಡುಗಿ ಈಗ ಬ್ಯಾಲೆನ್ಸ್ ಶೀಟು ಕೆಡವುತ್ತಿದ್ದಳು. ಸೊಂಟ ಕೈಕೊಟ್ಟ ಮೇಲೆ ಅಮೃತಪ್ಪ ಬೈಯಪ್ಪನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಹೆಂಡತಿ ಪೀರಮ್ಮ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆ ಮಾಡಿ ಸಂಜೆ ಬರುತ್ತಾಳೆ. ಹಾಗಾಗಿ ಮಧ್ಯಾಹ್ನ ಮನೆಯಲ್ಲಿ ಇರುವವನು ಅವನೊಬ್ಬನೇ.

ಅಂಬ್ರೀನ್‌ಗೆ ಬೇಕಾದದ್ದೂ ಅದೇ. ನಾಲ್ಕು ದಿನ ಅಕೌಂಟ್ಸ್, ನಾಲ್ಕು ದಿನ ಟ್ಯಾಕ್ಸ್, ಮೂರು ದಿನ ಕಾಸ್ಟಿಂಗ್, ಕೊನೆಯ ಮೂರು ದಿನ ತಿರುಗಿ ಅಕೌಂಟ್ಸ್. ಪ್ರತಿ ಕಂತಿನ ಕೊನೆಗೆ ಒಂದು ಪೂರ್ತಿ ಪೇಪರು, ಕೊನೆಯ ಕಂತಿನದು ಮಾತ್ರ ಒಂದು ದಿನ ಮೊದಲೇ. ಒಂದೂ ಮುಕ್ಕಾಲಿಗೆ ಪ್ರಶ್ನೆಪತ್ರಿಕೆ ಕೈಗೆ, ಹದಿನೈದು ನಿಮಿಷ ಓದಲು, ಎರಡರಿಂದ ಐದು ಬರೆಯಲು, ನಿಜವಾದ ಪರೀಕ್ಷೆಯ ಹಾಗೆಯೇ.

"ಅಂಕಲ್, ನೀವೇ ಇನ್ವಿಜಿಲೇಟರ್. ವಾಚು ನಿಮ್ಮ ಹತ್ರ ಇರ್ಲಿ, ಇವ್ಳಿಗೆ ತೋರಿಸ್ಬೇಡಿ. ಅರ್ಧ ಗಂಟೆಗೊಂದ್ಸಲ ಟೈಮ್ ಹೇಳಿ. ಐದಕ್ಕೆ ಕಿತ್ಕೊಳ್ಳಿ."

"ನನಗ ಇಂಗ್ಲಿಷ್ ಬರಂಗಿಲ್ಲವ್ವ."

"ಗಡಿಯಾರ ನೋಡೋಕೆ ಇಂಗ್ಲಿಷ್ ಯಾಕೆ ಅಂಕಲ್?"

ನಾಲ್ಕನೆಯ ದಿನ ಅಕೌಂಟ್ಸ್ ಪೇಪರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಮೃತಪ್ಪ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ನಿಜ ಹೇಳಬೇಕೆಂದರೆ ಅವನಿಗೆ ಆ ಕೆಲಸದಲ್ಲಿ ಸ್ವಲ್ಪ ಜಂಬವೇ ಇತ್ತು. ನಾಲ್ಕೂವರೆಗೆ "ಇನ್ನ ಅರ್ಧ ತಾಸು" ಅಂದಾಗ ಮಗಳು ಹುಬ್ಬು ತಿಕ್ಕಿಕೊಳ್ಳುತ್ತಿದ್ದಳು. ತಾಯಿ ಕಂಪನಿ, ಮರಿ ಕಂಪನಿ ಎರಡರ ಲೆಕ್ಕವನ್ನೂ ಒಂದು ಮಾಡುವ ಪ್ರಶ್ನೆ. ಎರಡು ಬದಿ ತಾಳೆಯಾಗುತ್ತಿರಲಿಲ್ಲ. ಬೆರಳುಗಳು ಕ್ಯಾಲ್ಕುಲೇಟರ್ ಮೇಲೆ ಓಡಿದವು, ನಿಂತವು, ಮತ್ತೆ ಓಡಿದವು. ಐದಕ್ಕೆ ಎರಡು ನಿಮಿಷವಿರುವಾಗ ಅವಳ ಕಣ್ಣಲ್ಲಿ ನೀರು ತುಂಬಿದ್ದು ಅವನಿಗೆ ಕಂಡಿತು. ಸರಿಯಾಗಿ ಐದಕ್ಕೆ ಅವಳು ತಲೆ ಎತ್ತದೆ ಎಡಗೈ ಚಾಚಿದಳು.

"ಅಪ್ಪ, ಹಾಳೆ."

ಪೇಪರು ಕಿತ್ತುಕೊಳ್ಳಬೇಕಾದ ಕೈ ಹೆಚ್ಚುವರಿ ಹಾಳೆ ಕೊಟ್ಟಿತು. ಕೈಗಡಿಯಾರವನ್ನು ಅಮೃತಪ್ಪ ಜೇಬಿಗೆ ಹಾಕಿಕೊಂಡ. ಅವಳಿಗೆ ವ್ಯತ್ಯಾಸ ಸಿಕ್ಕಿತು. ತಾಯಿ ಕಂಪನಿ ಮರಿ ಕಂಪನಿಗೆ ಮಾರಿ, ಇನ್ನೂ ಗೋದಾಮಿನಲ್ಲೇ ಬಿದ್ದಿದ್ದ ಸರಕಿನ ಲಾಭವನ್ನು ಲಾಭದಿಂದ ಕಳೆದಿದ್ದಳು, ಸರಕಿನಿಂದ ಕಳೆಯಲು ಮರೆತಿದ್ದಳು. ತಾಳೆಯಾಯಿತು. ಅದೇ ಹುರುಪಿನಲ್ಲಿ ಉಳಿದಿದ್ದ ಕೊನೆಯ ಪ್ರಶ್ನೆಯನ್ನೂ ಬರೆದಳು. ಐದೂ ಇಪ್ಪತ್ತಕ್ಕೆ ಅವನು "ಟೈಮ್ ಆತು" ಅಂದ. ಅವಳು ಆ ಹೆಚ್ಚುವರಿ ಹಾಳೆಯನ್ನು ಉಳಿದ ಉತ್ತರಗಳ ಜೊತೆ ದಾರದಲ್ಲಿ ಕಟ್ಟಿ ಕೊಟ್ಟು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. ಆ ನಗುವಿನ ಎದುರು ತಾನು ಮಾಡಿದ್ದು ತಪ್ಪೆಂದು ಅವನಿಗೆ ಅನ್ನಿಸಲೇ ಇಲ್ಲ.

ಅಂಬ್ರೀನ್ ತಿದ್ದಿ ತಂದಾಗ ಐವತ್ತೊಂದು. ಪೀರಮ್ಮ ಅವತ್ತು ಶ್ಯಾವಿಗೆ ಪಾಯಸ ಮಾಡಿದಳು.

ಎಂಟನೆಯ ದಿನ ಟ್ಯಾಕ್ಸ್. ಅಮೃತಪ್ಪ ಐದಕ್ಕೆ ಸರಿಯಾಗಿ ಪೇಪರು ತೆಗೆದುಕೊಂಡ. ಒಂದು ಸಲದ ಸಲಿಗೆ ಒಂದು ಸಲಕ್ಕೇ ಸಾಕೆಂದುಕೊಂಡಿದ್ದ. ಮೂವತ್ತೊಂಬತ್ತು ಬಂತು. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಇಪ್ಪತ್ತಾರು, ಜಿ.ಎಸ್.ಟಿ.ಯಲ್ಲಿ ಬರೀ ಹದಿಮೂರು. ಒಂಬತ್ತನೆಯ ದಿನ ಸಂಜೆ ಅಂಬ್ರೀನ್ ಕೆಂಪು ಪೆನ್ನು ಹಿಡಿದು ರಟ್ಟಿನ ಹಾಳೆಯ ಮುಂದೆ ನಿಂತಳು.

"ಅಕೌಂಟ್ಸ್ ಸೇಫು ಕಣೇ. ಹನ್ನೆರಡು, ಹದಿಮೂರು ಎರಡೂ ದಿನ ಜಿ.ಎಸ್.ಟಿ.ಗೆ ಹಾಕ್ತೀನಿ. ಅಕೌಂಟ್ಸ್‌ಗೆ ಹದಿನಾಲ್ಕೊಂದು ಸಾಕು. ಎರಡನೇ ಪೇಪರೂ ಬೇಡ."

ಕೆಂಪು ಗೆರೆಗಳು ಬಿದ್ದವು. ತಲೆಗೆ ಟೋಪಿ ಹಾಕಿಕೊಂಡು ಪಾಳಿಗೆ ಹೊರಟಿದ್ದ ಅಮೃತಪ್ಪ ಬಾಗಿಲಲ್ಲೇ ನಿಂತ. ಇಂಗ್ಲಿಷ್ ಬಾರದಿದ್ದರೂ ಆ ಗೆರೆಗಳು ಅವನಿಗೆ ಅರ್ಥವಾದವು. ತಳಪಾಯ ಗಟ್ಟಿಯಿದೆ ಎಂದು ಅವನು ಸುಳ್ಳು ಹೇಳಿದ್ದ, ಪಾಪ ಆ ಹುಡುಗಿ ಅದನ್ನು ನಂಬಿ ಮೇಲೆ ಕಟ್ಟುತ್ತಿದ್ದಳು. ಬಾಯಿ ತೆರೆದ, ಮಗಳ ಮುಖ ನೋಡಿದ, ಮುಚ್ಚಿಕೊಂಡು ಹೋದ.

ಬೆಳಿಗ್ಗೆ ಪಾಳಿ ಮುಗಿದ ಮೇಲೆ ಮನೆಗೆ ಬರಲಿಲ್ಲ. ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದು, ಅದೇ ಸಮವಸ್ತ್ರದಲ್ಲಿ ಆಡಿಟರ್ ಕಚೇರಿಯ ಕೆಳಗೆ ನಿಂತ. ಹತ್ತಕ್ಕೆ ಅಂಬ್ರೀನ್ ಬಂದಳು.

"ಅವತ್ತ ನಾ ಐದಕ್ಕ ಪೇಪರ್ ತಗೊಳ್ಳಿಲ್ಲವ್ವ," ಅಂದ. "ಇಪ್ಪತ್ತು ನಿಮಿಷ ಬಿಟ್ಟೆ. ದಾರ ಕಟ್ಟಿದ ಹಾಳಿ ಐತಲ್ಲ, ಅದು ಐದಾದ ಮ್ಯಾಲೆ ಕೊಟ್ಟಿದ್ದು."

ಅಂಬ್ರೀನ್ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಚೀಲದಲ್ಲೇ ಇದ್ದ ಉತ್ತರದ ಕಟ್ಟನ್ನು ತೆಗೆದು, ದಾರ ಬಿಚ್ಚಿ, ಆ ಹಾಳೆಯನ್ನು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಕೂಡಿದಳು. ಮೂವತ್ತೇಳು.

"ಹೋದ ಸಲಾನೂ ಅಷ್ಟೇ ಬಂದಿತ್ತು," ಎಂದು ಮೆಲ್ಲಗೆ ಹೇಳಿದಳು. ಆಮೇಲೆ, "ಪ್ಲ್ಯಾನ್ ನಾನು ಸರಿ ಮಾಡ್ತೀನಿ ಅಂಕಲ್. ಅವ್ಳಿಗೆ ಮಾತ್ರ ನೀವೇ ಹೇಳ್ಬೇಕು."

ಅವನು ಮನೆಗೆ ಬಂದಾಗ ಕಾವೇರಿ ಕಾಸ್ಟಿಂಗ್ ಪುಸ್ತಕದ ಮುಂದೆ ಕೂತಿದ್ದಳು. ಹಿಂದಿನ ದಿನವಷ್ಟೇ ಅಪ್ಪನಿಗೆ, ಸಾಮಾನು ಬಾರದೆ ಆಳು ಸುಮ್ಮನೆ ಕೂತ ಹೊತ್ತಿಗೆ ಕೊಡುವ ಕೂಲಿಯನ್ನೂ ಬೇರೆಯಾಗಿ ಲೆಕ್ಕ ಹಾಕುತ್ತಾರೆಂದು ವಿವರಿಸಿದ್ದಳು. ಅವನು, ಅದಕ್ಕೂ ಒಂದು ಪುಸ್ತಕ ಅದಾ ಎಂದು ಕೇಳಿದ್ದ. ಈಗ ಅವನು ಟೋಪಿ ತೆಗೆದು, ನಿಂತೇ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

"ನನ್ನ ಕೈಲಿ ಆಗಲ್ಲ ಅಂತ ನಿಂಗೂ ಅನ್ನಿಸ್ತಾ ಅಪ್ಪ?"

"ಆಗಂಗಿಲ್ಲ ಅಂತಲ್ಲವ್ವ. ನೀ ಅಳೂದು ನೋಡ್ಲಿಕ್ಕ ಆಗ್ಲಿಲ್ಲ."

ಅವಳು ಪುಸ್ತಕಕ್ಕೆ ತಲೆ ತಗ್ಗಿಸಿದಳು. ಅವತ್ತು, ಮರುದಿನ, ಅದರ ಮರುದಿನ ಅವನೊಂದಿಗೆ ಮಾತಿಲ್ಲ. ಹನ್ನೊಂದನೆಯ ದಿನದ ಕಾಸ್ಟಿಂಗ್ ಪೇಪರಿಗೆ ಪೀರಮ್ಮ ಒಂದು ಮನೆಯ ಕೆಲಸ ತಪ್ಪಿಸಿ ಬಂದು ಕುರ್ಚಿಯಲ್ಲಿ ಕೂತಳು. ನಲವತ್ತಾರು ಬಂತು. ಅಮೃತಪ್ಪ ಆ ಮೂರು ಗಂಟೆ ಕೆಳಗೆ ಬೀದಿಯಲ್ಲಿ ನಿಂತಿದ್ದ. ಜೀವಮಾನದಲ್ಲಿ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ, ಅಂಬ್ರೀನ್ ತಿರುಗಿ ಸೇರಿಸಿದ್ದ ಅಕೌಂಟ್ಸ್ ಪೇಪರಿಗೆ ಮುಂಚೆ, ಕಾವೇರಿ ತಾನೇ ಅವನ ಕೈಗಡಿಯಾರ ತಂದು ಕೈಗೆ ಕೊಟ್ಟಳು.

"ಇವತ್ತು ನೀನೇ ಕೂತ್ಕೋ. ನೀನು ಕಿತ್ಕೊಂಡ್ರೇನೇ ನಂಗೆ ಅಭ್ಯಾಸ ಆಗೋದು."

 ಅವನು ಗಡಿಯಾರ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತ.

"ಒಂದು ಮಾತ ಹೇಳ್ಲೇನವ್ವ. ಆ ರಾಮಮೂರ್ತಿ ನಗರದ ಗ್ವಾಡಿ ಕೆಡವಿದ್ನಲ್ಲ, ನೆನಪೈತೇನು? ಅವತ್ತ ನನ್ನ ಕೈಯಾಗ ಮರುದಿನ ಇತ್ತು. ನಿನ್ನ ಕೈಯಾಗ ಇಲ್ಲ. ವಾಲಿದ್ರ ವಾಲ್ಲಿ, ಮುಂದಿನ ಗ್ವಾಡಿಗಿ ಹೋಗು."

ಅವಳು ಪೆನ್ನು ಹಿಡಿದು ಬರೆಯಲು ಕೂತಳು. ನಾಲ್ಕೂಕಾಲಿಗೆ ಮತ್ತೆ ಹುಬ್ಬು ತಿಕ್ಕಿದಳು. ಕ್ಯಾಲ್ಕುಲೇಟರ್ ಮೇಲೆ ಬೆರಳು ನಿಂತಿತು.  ಅವಳು ಆ ಉತ್ತರದ ಕೆಳಗೆ ಒಂದು ಗೆರೆ ಎಳೆದು ಪುಟ ತಿರುಗಿಸಿದಳು. ಐದಕ್ಕೆ ಇನ್ನೂ ಒಂದು ಸಾಲು ಬರೆಯುತ್ತಿದ್ದಳು. ಅವನು ಎದ್ದು ಹೋಗಿ ಹಾಳೆಯ ಅಂಚು ಹಿಡಿದ. ಅವಳ ಕೈ ಒಂದು ಕ್ಷಣ ಬಿಡಲಿಲ್ಲ. ಅವನೂ ಬಿಡಲಿಲ್ಲ. ಕೊನೆಗೆ ಎಳೆದುಕೊಂಡಾಗ ಪೆನ್ನಿನ ಗೀರೊಂದು ಹಾಳೆಯುದ್ದಕ್ಕೂ ಬಿತ್ತು. ಅಂಬ್ರೀನ್ ನಲವತ್ತನಾಲ್ಕು ಹಾಕಿದಳು, ತಾಳೆಯಾಗದ ಲೆಕ್ಕಕ್ಕೂ ಅದರ ಹಂತಹಂತದ ಕೆಲಸಕ್ಕೆ ಒಂಬತ್ತು ಕೊಟ್ಟಿದ್ದಳು.

ಹದಿನೈದನೆಯ ದಿನ ಹಲಸೂರಿನ ಹತ್ತಿರದ ಕಾಲೇಜಿನ ಗೇಟಿನ ಹೊರಗೆ ಅಮೃತಪ್ಪ ಹೊಂಗೆ ಮರದ ನೆರಳಲ್ಲಿ ನಿಂತಿದ್ದ. ಒಳಗೆ ಐದರ ಗಂಟೆ ಬಾರಿಸಿದ್ದು ಕೇಳಿಸಿತು. ಯಾರೋ ಗುರುತಿಲ್ಲದವರು ತನ್ನ ಮಗಳ ಮುಂದಿನಿಂದ ಹಾಳೆ ತೆಗೆದುಕೊಳ್ಳುತ್ತಿರುತ್ತಾರೆ ಅನ್ನಿಸಿ ಅವನು ಗೇಟಿನ ಹತ್ತಿರಕ್ಕೆ ನಡೆದ.

ಗುಂಪಿನ ನಡುವೆ ಕಾವೇರಿ ಬಂದಳು. ಅಪ್ಪನ ಮುಂದೆ ನಿಂತು ಬ್ಯಾಗಿನಿಂದ ನೀರು ತೆಗೆದು ಕುಡಿದಳು.

"ತಾಳೆ ಆಗ್ಲಿಲ್ಲ ಅಪ್ಪ," ಅಂದಳು. "ಎಂಟು ಸಾವಿರ ವ್ಯತ್ಯಾಸ ಬಂತು."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಮತ್ತೆ ಬ್ಯಾಗಿಗಿಟ್ಟಳು.

"ಹಂಗೇ ಬಿಟ್ಟೆ. ಐದೂ ಪ್ರಶ್ನೆ ಬರೆದೆ."

ಅಮೃತಪ್ಪ ತಿರುಗಿ ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡ. ಆಮೇಲೆ ಕೈಗಡಿಯಾರ ಬಿಚ್ಚಿ ಮಗಳ ಮಣಿಕಟ್ಟಿಗೆ ಕಟ್ಟಿದ. ಟ್ಯಾಕ್ಸ್ ಪರೀಕ್ಷೆಗೆ ನಡುವೆ ಮೂರು ದಿನವಿತ್ತು.